"ಯಂತ್ರ ಚಾಲೂ ಆಯಿತು": ಹಾಸನದ ಒಂದು ಅಪಘಾತ ವರದಿ ಮೂರು ಸಲ ಬರೆದ ಕಥೆ

ಮೊದಲು ಬಂದ ವರದಿ ಇಷ್ಟೇ ಇತ್ತು:

"ಮಧ್ಯಾಹ್ನ 3.10ರ ಸುಮಾರಿಗೆ ವಿದ್ಯುತ್ ಸ್ಥಗಿತಗೊಂಡು ಎಲಿವೇಟರ್ ಜಾಮ್ ಆಗಿತ್ತು. ಸ್ವಚ್ಛಗೊಳಿಸುವ ಕಾರ್ಯ ಕೈಗೊಳ್ಳಲಾಗಿದ್ದು, ಆ ಸಮಯದಲ್ಲಿ ವಿದ್ಯುತ್ ಬಂದು ಯಂತ್ರವು ಚಾಲೂ ಆಗಿ ಕಾರ್ಮಿಕರೊಬ್ಬರ ಬಲಗೈ ಬೆರಳುಗಳಿಗೆ ಪೆಟ್ಟಾಗಿರುತ್ತದೆ. ಗಾಯಾಳುವನ್ನು ಕೂಡಲೇ ಆಸ್ಪತ್ರೆಗೆ ಸೇರಿಸಲಾಯಿತು. ಈ ಬಗ್ಗೆ ಕಾರ್ಮಿಕರಿಗೆ ಹಿಂದೆಯೇ ಸೂಚನೆ ನೀಡಲಾಗಿತ್ತು. ಮುಂದೆ ಇಂತಹ ಘಟನೆ ಮರುಕಳಿಸದಂತೆ ಎಚ್ಚರ ವಹಿಸಲಾಗುವುದು."

ಓದಿದರೆ ಎಲ್ಲ ಸರಿಯಾಗೇ ಇದೆ ಅನಿಸುತ್ತದೆ. ನಮ್ಮ ಕಡೆ ಯಾವ ಆಫೀಸಿನ ಫೈಲ್ ತೆಗೆದರೂ ಇದೇ ಧಾಟಿ. ಆದರೆ ಇನ್ನೊಮ್ಮೆ ಓದಿ, ಪ್ರತಿ ಕ್ರಿಯಾಪದದ ಹತ್ತಿರ ನಿಂತು "ಯಾರು?" ಎಂದು ಕೇಳಿ. ಕಾರ್ಯ ಕೈಗೊಂಡವರು ಯಾರು? ಸೂಚನೆ ಕೊಟ್ಟವರು ಯಾರು, ಯಾರಿಗೆ? ಎಚ್ಚರ ವಹಿಸುವವರು ಯಾರು? ಒಂದಕ್ಕೂ ಉತ್ತರ ಇಲ್ಲ. ಇಡೀ ವರದಿಯಲ್ಲಿ ಕಾಣುವ ಮನುಷ್ಯ ಒಬ್ಬನೇ, ಪೆಟ್ಟು ತಿಂದವನು.

ಘಟನೆ ನಡೆದದ್ದು ಹಾಸನದ ಹೊರವಲಯದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಸಕಲೇಶಪುರ, ಬೇಲೂರು, ಆಲೂರು ಕಡೆಯ ತೋಟಗಳಿಂದ ಪಾರ್ಚ್‌ಮೆಂಟ್, ಚೆರಿ ಮೂಟೆಗಳು ಲಾರಿಗಟ್ಟಲೆ ಬಂದು ಬೀಳುವ ಕಾಲ. ವರದಿ ಬರೆದವರು ಶಿಫ್ಟ್ ಸೂಪರ್‌ವೈಸರ್. ಅದನ್ನು ತನಿಖಾ ವರದಿಯಾಗಿ ತಿದ್ದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಬಕೆಟ್ ಎಲಿವೇಟರ್‌ನ ಬುಡ

ಕ್ಯೂರಿಂಗ್ ನೋಡದವರಿಗೆ ಸ್ವಲ್ಪ ಹೇಳಬೇಕು. ಕಾಫಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ, ಅಂದರೆ ಕಸ ತೆಗೆಯುವ ಕ್ಲೀನರ್‌ನಿಂದ ಕಲ್ಲು ತೆಗೆಯುವ ಡಿಸ್ಟೋನರ್‌ಗೆ, ಅಲ್ಲಿಂದ ಸಿಪ್ಪೆ ಬಿಡಿಸುವ ಹಲ್ಲರ್‌ಗೆ ಎತ್ತಿ ಹಾಕುವುದು ಬಕೆಟ್ ಎಲಿವೇಟರ್. ಉದ್ದನೆಯ ಡಬ್ಬದೊಳಗೆ ಒಂದು ಬೆಲ್ಟ್, ಬೆಲ್ಟಿಗೆ ಸಾಲಾಗಿ ಬಕೆಟ್‌ಗಳು. ಬುಡದಲ್ಲಿ ಕಾಫಿ ತುಂಬಿಕೊಂಡು ಮೇಲೆ ಹೋಗಿ ಸುರಿದು ಬರುತ್ತವೆ.

ಓಡುವಾಗಲೇ ಕರೆಂಟ್ ಹೋದರೆ ತೊಂದರೆ ಶುರು. ಒಂದು ಬದಿಯ ಬಕೆಟ್‌ಗಳು ತುಂಬಿವೆ, ಇನ್ನೊಂದು ಬದಿಯವು ಖಾಲಿ. ಬೆಲ್ಟ್ ಹಿಂದಕ್ಕೆ ಜಾರದಂತೆ ತಡೆಯುವ ಹೋಲ್ಡ್‌ಬ್ಯಾಕ್ ಇಲ್ಲದಿದ್ದರೆ, ಅಥವಾ ಸವೆದಿದ್ದರೆ, ತುಂಬಿದ ಬದಿ ತನ್ನ ಭಾರಕ್ಕೇ ಕೆಳಗೆ ಬರುತ್ತದೆ. ಕಾಫಿಯೆಲ್ಲ ಬುಡಕ್ಕೆ ಸುರಿದು ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಮೋಟಾರ್ ಎಳೆಯುವುದಿಲ್ಲ. ಬುಡದ ಬಾಗಿಲು ಸರಿಸಿ ಕೈಯಿಂದಲೋ ಚಿಕ್ಕ ಸಲಿಕೆಯಿಂದಲೋ ಬಳಿದು ತೆಗೆಯಬೇಕು. ಆ ದಿನ ಆಪರೇಟರ್ ಮಾಡುತ್ತಿದ್ದದ್ದು ಇದನ್ನೇ. ಬೆಲ್ಟ್ ಓಡಿತು, ಬಕೆಟ್‌ನ ಅಂಚಿಗೂ ಬಾಗಿಲಿನ ಚೌಕಟ್ಟಿಗೂ ನಡುವೆ ಬೆರಳು ಸಿಕ್ಕಿತು. ಎರಡು ಬೆರಳಿನ ಮೂಳೆ ಮುರಿಯಿತು.

ಮೇಲಿನ ಎರಡು ವಾಕ್ಯ ಗಮನಿಸಿ. "ಸಿಕ್ಕಿತು", "ಮುರಿಯಿತು". ಇದು ಕರ್ಮಣಿ ಪ್ರಯೋಗವೂ ಅಲ್ಲ. ಆದರೂ ಮಾಡಿದವರು ಯಾರೂ ಇಲ್ಲ. ಕನ್ನಡದಲ್ಲಿ ಕರ್ತೃವನ್ನು ಮರೆಸೋಕೆ "-ಲಾಯಿತು", "-ಲ್ಪಟ್ಟಿತು" ಬೇಕೇಬೇಕು ಅಂತೇನಿಲ್ಲ. ಒಡೆಯಿತು, ಬಿತ್ತು, ಕಟ್ ಆಯಿತು, ಆಫ್ ಆಗಿತ್ತು ಅಂದರೂ ಸಾಕು, ಆದದ್ದು ತಾನಾಗೇ ಆದಂತೆ ಕೇಳುತ್ತದೆ. ಹಾಗಾಗಿ "ಕರ್ಮಣಿ ಬೇಡ, ಕರ್ತರಿ ಬಳಸಿ" ಎಂಬ ಸಲಹೆ ನಮ್ಮ ವರದಿಗಳಿಗೆ ಅರ್ಧ ಮಾತ್ರ ಉಪಯೋಗ. ನಮ್ಮಲ್ಲಿ ಹುಡುಕಬೇಕಾದದ್ದು ಕ್ರಿಯಾಪದದ ರೂಪವನ್ನಲ್ಲ, ಅದರ ಹಿಂದಿನ ಕೈಯನ್ನು.

ಬೆರಳು ಮುರಿಯಿತು ಎಂದು ಬರೆದರೆ ಇಲ್ಲಿ ತಪ್ಪೇನಿಲ್ಲ. ಅದರ ಹಿಂದೆ ಬೇರೆ ಕೈ ಇಲ್ಲ, ಯಾರೂ ಮುರಿಯಬೇಕೆಂದು ಮುರಿದಿಲ್ಲ. ಆದರೆ "ಯಂತ್ರವು ಚಾಲೂ ಆಗಿ" ಎಂಬಲ್ಲಿ ಹಾಗಲ್ಲ. ಯಂತ್ರ ಚಾಲೂ ಆಗಲು ಏನೋ ಒಂದು ಕಾರಣ ಇರಲೇಬೇಕು.

ಎರಡನೇ ವರದಿ

ಮೊದಲ ವರದಿ ಪೇಲವವಾಗಿದೆ ಎಂದು ಮ್ಯಾನೇಜರ್‌ಗೂ ಅನಿಸಿತ್ತು. ಅವರು ಹಿಂದೆ ಯಾವುದೋ ತರಬೇತಿಯಲ್ಲಿ "ಯಾರು ಮಾಡಿದರು ಅಂತ ನೇರವಾಗಿ ಬರೆಯಿರಿ" ಎಂದು ಕೇಳಿಸಿಕೊಂಡಿದ್ದರು. ಅದನ್ನೇ ಸೂಪರ್‌ವೈಸರ್‌ಗೆ ಹೇಳಿ ತಿದ್ದಿಸಿದರು. ನನ್ನ ಕೈಗೆ ಬರುವ ಹೊತ್ತಿಗೆ ಎರಡನೇ ಪ್ರತಿಯೂ ತಯಾರಿತ್ತು:

"ಆಪರೇಟರ್ ಮೇನ್ ಸ್ವಿಚ್ ಆಫ್ ಮಾಡದೆ ಎಲಿವೇಟರ್‌ನ ಬಾಗಿಲು ತೆರೆದರು. ಅವರು ಸಲಿಕೆ ಬಳಸದೆ ಬರಿಗೈ ಹಾಕಿದರು. ಅವರು ಸೂಚನೆಯನ್ನು ಪಾಲಿಸಲಿಲ್ಲ. ವಿದ್ಯುತ್ ಬಂದಾಗ ಯಂತ್ರ ಚಾಲೂ ಆಗಿ ಅವರು ಗಾಯಗೊಂಡರು."

ಈಗ ಎಲ್ಲ ಕರ್ತರಿ. ಕರ್ತೃ ಸ್ಪಷ್ಟ, ವಾಕ್ಯ ಚಿಕ್ಕದು, ವ್ಯಾಕರಣದ ಮೇಷ್ಟ್ರು ನೋಡಿದರೆ ಪೂರ್ತಿ ಮಾರ್ಕ್ಸ್. ಆದರೆ ನನ್ನ ಪ್ರಕಾರ ಇದು ಮೊದಲನೆಯದಕ್ಕಿಂತ ಕೆಟ್ಟ ವರದಿ. ಮೊದಲನೆಯದು ಎಲ್ಲರನ್ನೂ ಮುಚ್ಚಿತ್ತು. ಇದು ಒಬ್ಬನ ಮೇಲೆ ಮಾತ್ರ ಟಾರ್ಚ್ ಬಿಟ್ಟು ಮಿಕ್ಕವರನ್ನು ಇನ್ನೂ ಗಟ್ಟಿಯಾಗಿ ಮುಚ್ಚಿದೆ. ಆಪರೇಟರ್ ಮಾಡಿದ್ದೆಲ್ಲ ಕರ್ತರಿಯಲ್ಲಿದೆ. ಉಳಿದವರು ಮಾಡಿದ್ದು? "ವಿದ್ಯುತ್ ಬಂದಾಗ", "ಯಂತ್ರ ಚಾಲೂ ಆಗಿ". ಅದು ಹಾಗೇ ಉಳಿದಿದೆ. ಒಂದೇ ಪ್ಯಾರಾದಲ್ಲಿ ಕೆಲವರಿಗೆ ಕರ್ತರಿ, ಕೆಲವರಿಗೆ ತಾನಾಗೇ ಆದ ಕ್ರಿಯೆ ಬಳಸಿದರೆ, ಓದುವವರು ಗೊತ್ತಿಲ್ಲದೇ ಒಬ್ಬನನ್ನು ತಪ್ಪಿತಸ್ಥ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಆ ಒಬ್ಬ ಕೆಳಗಿನ ಹುದ್ದೆಯವನೇ ಆಗಿರುತ್ತಾನೆ, ಅಲ್ವಾ?

ಇನ್ನೊಂದು ವಿಷಯ. "ಆಫ್ ಮಾಡದೆ", "ಬಳಸದೆ", "ಪಾಲಿಸಲಿಲ್ಲ", ಮೂರೂ ನಿಷೇಧ. ಮಾಡಿದ್ದನ್ನು ಹೇಳುವ ಬದಲು ಮಾಡದಿದ್ದದ್ದನ್ನು ಹೇಳುತ್ತಿವೆ. ಮಾಡಬೇಕಿತ್ತು ಎಂಬುದು ಮೊದಲೇ ಸಾಬೀತಾದರೆ ಮಾತ್ರ ಇಂಥ ವಾಕ್ಯಕ್ಕೆ ಅರ್ಥ. ಸೂಚನೆ ಇತ್ತೇ ಎಂಬುದೇ ಇನ್ನೂ ಗೊತ್ತಿರಲಿಲ್ಲ.

ಕೇಳಿದಾಗ ಸಿಕ್ಕಿದ್ದು

ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಆಪರೇಟರ್ ಹೇಳಿದ್ದು: "ನಾನ್ಯಾವ ಬಟನ್ನೂ ಮುಟ್ಟಿಲ್ಲ ಸಾರ್. ಕರೆಂಟೇ ಇರ್ಲಿಲ್ವಲ್ಲ, ಅದ್ಕೇ ಕೈ ಹಾಕ್ದೆ. ಕರೆಂಟ್ ಬಂದ್ರೂ ಹಸಿರು ಬಟನ್ ಒತ್ತೋವರ್ಗೂ ಓಡಲ್ಲ ಅಂತ ಗೊತ್ತಿತ್ತು ನಂಗೆ."

ಅವನ ಮಾತಿನಲ್ಲಿ ಹುರುಳಿತ್ತು. ಮೋಟಾರನ್ನು ನೇರವಾಗಿ ಲೈನ್‌ಗೆ ಸೇರಿಸುವ ಮಾಮೂಲಿ ಡಿಒಎಲ್ ಸ್ಟಾರ್ಟರ್ ಇರುವುದೇ ಹಾಗೆ. ಹಸಿರು ಬಟನ್ ಒತ್ತಿದರೆ ಒಳಗಿನ ಕಾಯಿಲ್‌ಗೆ ಕರೆಂಟ್ ಹೋಗಿ ಕಾಂಟ್ಯಾಕ್ಟರ್ ಅಂಟಿಕೊಳ್ಳುತ್ತದೆ, ಮೋಟಾರ್ ಓಡುತ್ತದೆ. ಕರೆಂಟ್ ಹೋದರೆ ಕಾಯಿಲ್ ಬಿಡುತ್ತದೆ. ಮತ್ತೆ ಕರೆಂಟ್ ಬಂದರೂ ಯಾರಾದರೂ ಬಟನ್ ಒತ್ತದೆ ಮೋಟಾರ್ ಓಡುವುದಿಲ್ಲ. ಹಾಗಾದರೆ "ವಿದ್ಯುತ್ ಬಂದು ಯಂತ್ರವು ಚಾಲೂ ಆಗಿ" ಎಂಬ ವಾಕ್ಯ ನಿಜವಾಗಿರಲು ಸಾಧ್ಯವೇ ಇಲ್ಲ, ಸ್ಟಾರ್ಟರ್ ಸರಿಯಿದ್ದರೆ.

ಹಾಗಾಗಿ ಆ ಒಂದು ವಾಕ್ಯವನ್ನು ಹಾಳೆಯ ಮೇಲೆ ಬರೆದುಕೊಂಡು, ಕರ್ತೃ ಇಟ್ಟು ಮೂರು ಥರ ತಿದ್ದಿದೆ. ಒಂದು, ಯಾರೋ ಬಟನ್ ಒತ್ತಿದರು. ಎರಡು, ತುಂಬಿದ ಬಕೆಟ್‌ಗಳ ಭಾರ ಬೆಲ್ಟನ್ನು ಎಳೆಯಿತು, ಮೋಟಾರ್ ಓಡಲೇ ಇಲ್ಲ. ಮೂರು, ಬಟನ್ ಒತ್ತದಿದ್ದರೂ ಪ್ಯಾನೆಲ್ ಮೋಟಾರಿಗೆ ಕರೆಂಟ್ ಕೊಟ್ಟಿತು. ಮೊದಲನೆಯದರಲ್ಲಿ ಕರ್ತೃ ಮನುಷ್ಯ, ಮಿಕ್ಕೆರಡರಲ್ಲಿ ವಸ್ತು. ಕರ್ತರಿ ಎಂದರೆ ಮನುಷ್ಯನ ಹೆಸರೇ ಬರಬೇಕು ಅಂತಿಲ್ಲ. ಭಾರ ಎಳೆಯಿತು, ಪ್ಯಾನೆಲ್ ಕೊಟ್ಟಿತು ಅಂದರೂ ಅದು ಕರ್ತರಿಯೇ. ಉಪಯೋಗ ಏನೆಂದರೆ, ಹೀಗೆ ಬರೆದ ಒಂದೊಂದು ವಾಕ್ಯವನ್ನೂ ಹೋಗಿ ಪರೀಕ್ಷೆ ಮಾಡಬಹುದು. "ಚಾಲೂ ಆಯಿತು" ಎಂಬುದನ್ನು ಪರೀಕ್ಷೆ ಮಾಡೋದು ಹೇಗೆ?

ಎರಡನೆಯದನ್ನು ಅಲ್ಲಿದ್ದ ಹೆಲ್ಪರ್ ಮಾತಿನಿಂದ ಬಿಟ್ಟೆವು. ಭಾರಕ್ಕೆ ಜಾರಿದರೆ ತುಂಬಿದ ಬದಿ ಕೆಳಗಿಳಿಯಬೇಕು. ಅವನು ಕಂಡದ್ದು ಆ ಬದಿಯ ಬಕೆಟ್‌ಗಳು ಮೇಲೆ ಹೋದದ್ದನ್ನು. ಜೊತೆಗೆ ಮೇಲಿನ ಮೋಟಾರಿನ ಸದ್ದೂ ಕೇಳಿಸಿತ್ತು. ಮೊದಲನೆಯದಕ್ಕೆ, ಪ್ಯಾನೆಲ್ ಹತ್ತಿರ ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ ಎಂದು ಹೆಲ್ಪರ್, ಮೂಟೆ ಹೊರುತ್ತಿದ್ದ ಇಬ್ಬರು, ಎಲ್ಲರೂ ಬೇರೆ ಬೇರೆಯಾಗಿ ಕೇಳಿದಾಗಲೂ ಒಂದೇ ಹೇಳಿದರು.

ಉಳಿದದ್ದು ಮೂರನೆಯದು. ಪ್ಯಾನೆಲ್ ನೋಡಿದರೆ ಆ ಎಲಿವೇಟರ್‌ನ ಜಾಗದಲ್ಲಿ ಹಸಿರು ಬಟನ್ ಇತ್ತು, ಆದರೆ ಅದರ ಹಿಂದೆ ವೈರ್ ಇರಲಿಲ್ಲ. ಪಕ್ಕದಲ್ಲಿ ತಿರುಗಿಸುವ ಸೆಲೆಕ್ಟರ್ ಸ್ವಿಚ್ ಒಂದನ್ನು ಕೂರಿಸಿದ್ದರು. ಅದು ಆನ್ ಕಡೆಗೇ ನಿಂತಿತ್ತು. ಹೀಗೆ ವೈರ್ ಮಾಡಿದರೆ ಕರೆಂಟ್ ಹೋಗಿ ಬಂದ ತಕ್ಷಣ ಕಾಂಟ್ಯಾಕ್ಟರ್ ತಾನೇ ಎಳೆದುಕೊಳ್ಳುತ್ತದೆ. ಎಲಿವೇಟರ್ ಖಾಲಿ ಮಾಡಿಸಿ, ಬಾಗಿಲು ಮುಚ್ಚಿಸಿ, ಎಲ್ಲರನ್ನೂ ದೂರ ನಿಲ್ಲಿಸಿ ಮೇನ್ ಆಫ್ ಮಾಡಿ ಆನ್ ಮಾಡಿಸಿದೆವು. ಮೋಟಾರ್ ಓಡಿತು.

"ಹಾಕಿದ್ರು" ಅಂದರೆ ಎಷ್ಟು ಜನ?

ಸೆಲೆಕ್ಟರ್ ಹಾಕಿದ್ದು ಯಾರು ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಹೋದ ಸೀಸನ್‌ನಲ್ಲಿ ಹಾಕಿದ್ರು ಸಾರ್." ಸೂಪರ್‌ವೈಸರ್ ಅದನ್ನು ಹಾಗೇ ಬರೆದುಕೊಂಡಿದ್ದರು: "ಸೆಲೆಕ್ಟರ್ ಸ್ವಿಚ್ ಹಾಕಿದ್ದರು." ವ್ಯಾಕರಣಕ್ಕೆ ಇದು ಕರ್ತರಿ. ಆದರೆ ಕರ್ತೃ ಎಲ್ಲಿ? ನಾವು ಕರ್ತೃವನ್ನು ಬಿಟ್ಟು ಮಾತಾಡುವುದು ಮಾಮೂಲಿ, ಕ್ರಿಯಾಪದದ ಕೊನೆಯೇ ಯಾರು ಅಂತ ಹೇಳುತ್ತದೆ ಎಂಬ ಧೈರ್ಯ. ಇಲ್ಲಿ ಆ ಕೊನೆ ಕೈಕೊಡುತ್ತದೆ. "-ರು" ಎಂದರೆ ಹಲವರೂ ಆಗಬಹುದು, ಮರ್ಯಾದೆ ಕೊಟ್ಟು ಕರೆದ ಒಬ್ಬರೂ ಆಗಬಹುದು. ಒಬ್ಬ ಹೊರಗಿನ ಎಲೆಕ್ಟ್ರಿಷಿಯನ್ನೋ, ನಮ್ಮ ಮೇಂಟೆನೆನ್ಸ್‌ನವರೆಲ್ಲ ಸೇರಿಯೋ, ಮೇಲಿನವರು ಹೇಳಿ ಮಾಡಿಸಿದ್ದೋ, ಒಂದೂ ತಿಳಿಯುವುದಿಲ್ಲ.

ಹೇಳಿಕೆ ಬರೆದುಕೊಳ್ಳುವಾಗ ಇಂಥ ಕಡೆ ನಿಲ್ಲಿಸಿ, "ಒಬ್ಬರಾ, ಇಬ್ಬರಾ? ನೀವು ನೋಡಿದ್ರಾ, ಕೇಳಿದ್ದಾ?" ಎಂದು ಕೇಳಲೇಬೇಕು. ಕೇಳಿದಾಗ ಗೊತ್ತಾಯಿತು, ಯಾರೂ ಕಣ್ಣಾರೆ ಕಂಡಿರಲಿಲ್ಲ. ಎಲ್ಲರೂ ಇನ್ನೊಬ್ಬರಿಂದ ಕೇಳಿದವರೇ. ಕೆಲಸದ ರಿಜಿಸ್ಟರ್‌ನಲ್ಲೂ ಆ ಬದಲಾವಣೆಯ ಸುಳಿವಿಲ್ಲ.

ಇಲ್ಲಿ ನಾನು ಬೇಕೆಂದೇ ಕರ್ಮಣಿ ಬಳಸಿದೆ: "ಹಸಿರು ಬಟನ್‌ನ ಬದಲು ಸೆಲೆಕ್ಟರ್ ಸ್ವಿಚ್ ಅಳವಡಿಸಲಾಗಿದೆ. ಯಾರು ಅಳವಡಿಸಿದರು, ಯಾರ ಒಪ್ಪಿಗೆಯಿಂದ ಎಂಬುದಕ್ಕೆ ದಾಖಲೆ ಸಿಕ್ಕಿಲ್ಲ." ಗೊತ್ತಿಲ್ಲದ ಕಡೆ ಕರ್ಮಣಿಯೇ ಪ್ರಾಮಾಣಿಕ. "ಮೇಂಟೆನೆನ್ಸ್‌ನವರು ಅಳವಡಿಸಿದರು" ಎಂದು ಬರೆದಿದ್ದರೆ ವಾಕ್ಯ ಗಟ್ಟಿಯಾಗುತ್ತಿತ್ತು, ವಿಷಯ ಸುಳ್ಳಾಗುತ್ತಿತ್ತು. ಆದರೆ ಕರ್ಮಣಿಯನ್ನು ಒಂಟಿಯಾಗಿ ಬಿಡಬಾರದು. ಹಿಂದೆಯೇ "ಯಾರು ಎಂದು ತಿಳಿದಿಲ್ಲ" ಎಂಬ ಸಾಲು ಬರಲೇಬೇಕು. ಇಲ್ಲದಿದ್ದರೆ ಬರೆದವರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಹೇಳುತ್ತಿಲ್ಲವೋ ಎಂದು ಓದುವವರಿಗೆ ಹೇಗೆ ತಿಳಿಯಬೇಕು?

ಜನರೇಟರ್ ಹಚ್ಚಿದವರು

"ವಿದ್ಯುತ್ ಬಂದು" ಎಂಬುದರ ಹಿಂದೆಯೂ ಒಂದು ಕೈ ಇತ್ತು. ಬಂದದ್ದು ಲೈನ್ ಕರೆಂಟ್ ಅಲ್ಲ, ಜನರೇಟರ್‌ನದ್ದು. ಶಿಫ್ಟ್ ಎಲೆಕ್ಟ್ರಿಷಿಯನ್ 3.18ಕ್ಕೆ ಜನರೇಟರ್ ಚಾಲೂ ಮಾಡಿ, ಲೈನ್‌ನಿಂದ ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ತಿರುಗಿಸಿದ್ದರು. ಲಾಗ್ ಪುಸ್ತಕದಲ್ಲಿ ಅವರ ಸಹಿಯೂ ಇದೆ.

ಇದನ್ನು ಕರ್ತರಿಯಲ್ಲಿ ಬರೆಯೋಣ ಅಂದರೆ ಎಲೆಕ್ಟ್ರಿಷಿಯನ್ ಮುಖ ಬಾಡಿತು. ಅವರ ಭಯ ನನಗೆ ಅರ್ಥವಾಗುತ್ತದೆ. "ಎಲೆಕ್ಟ್ರಿಷಿಯನ್ ಜನರೇಟರ್ ಚಾಲೂ ಮಾಡಿದರು. ಆಪರೇಟರ್‌ನ ಬೆರಳು ಮುರಿಯಿತು" ಎಂದು ಎರಡು ವಾಕ್ಯ ಪಕ್ಕಪಕ್ಕ ಇಟ್ಟರೆ ಮುರಿದವರು ಅವರೇ ಎಂಬಂತಾಗುತ್ತದೆ. ಕರ್ತರಿ ಪ್ರಯೋಗಕ್ಕೆ ಈ ಒಂದು ದುರ್ಗುಣ ಇದೆ. ಅದು ಕೊನೆಯದಾಗಿ ಮುಟ್ಟಿದ ಕೈಯನ್ನು ತೋರಿಸುತ್ತದೆ, ಕಾರಣ ಅದಕ್ಕಿಂತ ಹಿಂದೆ ಇದ್ದರೂ.

"ಜನರೇಟರ್ ಚಾಲೂ ಮಾಡಲಾಯಿತು" ಎಂದು ಬರೆದು ಅವರನ್ನು ಉಳಿಸಬಹುದಿತ್ತು. ಸೂಪರ್‌ವೈಸರ್ ಅದನ್ನೇ ಹೇಳಿದರು. ನಾನು ಒಪ್ಪಲಿಲ್ಲ. ಹಾಗೆ ಬರೆದರೆ ಮುಖ್ಯವಾದ ಒಂದು ಪ್ರಶ್ನೆಯೇ ಮಾಯವಾಗುತ್ತದೆ: ಕರೆಂಟ್ ಕೊಡುವವರಿಗೂ ಬಾಗಿಲು ತೆಗೆಯುವವರಿಗೂ ನಡುವೆ ಮಾತುಕತೆಯ ದಾರಿ ಏನಿತ್ತು? ಕೊನೆಗೆ ಬರೆದದ್ದು ಹೀಗೆ:

"3.18ಕ್ಕೆ ಶಿಫ್ಟ್ ಎಲೆಕ್ಟ್ರಿಷಿಯನ್ ಎಂದಿನಂತೆ ಜನರೇಟರ್ ಚಾಲೂ ಮಾಡಿ ಲೋಡ್ ಕೊಟ್ಟರು. ಎಲಿವೇಟರ್‌ನ ಬಾಗಿಲು ತೆರೆದಿರುವುದು ಜನರೇಟರ್ ಕೋಣೆಯಿಂದ ಕಾಣುವುದಿಲ್ಲ. ಲೋಡ್ ಕೊಡುವ ಮೊದಲು ಎಚ್ಚರಿಸಲು ಸೈರನ್ ಇಲ್ಲ. ಬಾಗಿಲು ತೆರೆದವರು ಎಲೆಕ್ಟ್ರಿಷಿಯನ್‌ಗೆ ತಿಳಿಸಬೇಕೆಂಬ ನಿಯಮವನ್ನು ಕಾರ್ಖಾನೆ ಮಾಡಿರಲಿಲ್ಲ."

ಮಾಡಿದವರನ್ನು ಹೇಳಿದ ಮೇಲೆ, ಆ ಹೊತ್ತಿಗೆ ಅವರಿಗೆ ಏನು ಗೊತ್ತಿತ್ತು, ಏನು ಕಾಣುತ್ತಿತ್ತು ಎಂಬುದನ್ನೂ ಹೇಳಬೇಕು. ಎಲೆಕ್ಟ್ರಿಷಿಯನ್ ಇದನ್ನು ಓದಿ ತಕರಾರಿಲ್ಲದೆ ಸಹಿ ಹಾಕಿದರು. ಆಪರೇಟರ್‌ಗೂ ಇದೇ ಅಳತೆ: "ಕರೆಂಟ್ ಬಂದರೂ ಬಟನ್ ಒತ್ತದೆ ಮೋಟಾರ್ ಓಡುವುದಿಲ್ಲ ಎಂದು ತಿಳಿದು ಆಪರೇಟರ್ ಬಾಗಿಲು ಸರಿಸಿ ಕೈ ಹಾಕಿದರು." ಕೈ ಹಾಕಿದ್ದನ್ನು ಮುಚ್ಚಿಲ್ಲ. "ಅಜಾಗರೂಕತೆ" ಎಂದೂ ಬರೆದಿಲ್ಲ.

"ಸೂಚನೆ ನೀಡಲಾಗಿತ್ತು" ಎಂಬ ಸಾಲಿನ ಕಥೆ ಬೇಗ ಮುಗಿಯಿತು. ಯಾರು ಕೊಟ್ಟರು ಎಂದು ಕೇಳಿದಾಗ, ಎರಡು ವರ್ಷದ ಹಿಂದೆ ಹಲ್ಲರ್ ವಿಭಾಗದಲ್ಲಿ ಒಂದು ತರಬೇತಿ ಆಗಿತ್ತು ಎಂದು ತಿಳಿಯಿತು. ಈ ಆಪರೇಟರ್ ಆಗ ಕೆಲಸಕ್ಕೇ ಸೇರಿರಲಿಲ್ಲ. ಸಾಲನ್ನು ಹೊಡೆದುಹಾಕಿದೆ.

ಆಸ್ಪತ್ರೆಯ ಸಾಲನ್ನು ಮಾತ್ರ ಮುಟ್ಟಲಿಲ್ಲ. "ಗಾಯಾಳುವನ್ನು ಕೂಡಲೇ ಆಸ್ಪತ್ರೆಗೆ ಸೇರಿಸಲಾಯಿತು." ಯಾರ ಜೀಪಿನಲ್ಲಿ ಕರೆದೊಯ್ದರು ಎಂಬುದು ತನಿಖೆಗೆ ಬೇಡ. ಗಾಯಾಳುವೇ ವಾಕ್ಯದ ಮುಂದೆ ಇರಬೇಕು, ಕರ್ಮಣಿ ಅದನ್ನು ಚೆನ್ನಾಗಿ ಮಾಡುತ್ತದೆ. ಆದರೆ "ಕೂಡಲೇ" ತೆಗೆದು ಸಮಯ ಹಾಕಿಸಿದೆ. ಎಲ್ಲ ಕರ್ಮಣಿಯನ್ನೂ ಬೇಟೆಯಾಡಿ ಕೊಲ್ಲುವವರು ಇಂಥ ಕಡೆ ಸುಮ್ನೆ ಹೆಸರು ತುರುಕಿ ವರದಿ ಉದ್ದ ಮಾಡುತ್ತಾರೆ. ಹಾಗೇ "ಆಪರೇಟರ್‌ರಿಂದ ಬಾಗಿಲು ತೆರೆಯಲ್ಪಟ್ಟಿತು" ಎಂಬಂಥದ್ದೂ ಬೇಡ. ಮಾಡಿದವರನ್ನು ಹೇಳುವುದೇ ಆದರೆ ನೆಟ್ಟಗೆ "ತೆರೆದರು" ಅಂದರಾಯಿತು.

ಕ್ರಮದ ಸಾಲುಗಳು

ಆಗ ಜಾರಿಯಲ್ಲಿದ್ದದ್ದು 1948ರ ಕಾರ್ಖಾನೆಗಳ ಕಾಯ್ದೆ. ಗಾಯದಿಂದಾಗಿ 48 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡಲಾಗದಿದ್ದರೆ ಇಲಾಖೆಗೆ ನೋಟಿಸ್ ಹೋಗಬೇಕು ಎನ್ನುತ್ತಿತ್ತು ಅದರ 88ನೇ ಕಲಂ. ಕಳಿಸಬೇಕಾದವರು ಯಾರು ಎಂಬುದನ್ನೂ ಕಾಯ್ದೆ ಬಿಟ್ಟಿರಲಿಲ್ಲ, ಕಾರ್ಖಾನೆಯ ಮ್ಯಾನೇಜರ್ ಎಂದು ಹೇಳಿತ್ತು. ಕಾನೂನಿನ ಭಾಷೆ ಒಣ ಅಂತ ಬೈಯುತ್ತೇವೆ, ಹೊಣೆಯ ವಿಷಯದಲ್ಲಿ ಅದು ನಮ್ಮ ವರದಿಗಳಿಗಿಂತ ಎಷ್ಟೋ ಮೇಲು.

"ಎಚ್ಚರ ವಹಿಸಲಾಗುವುದು" ಎಂಬ ಸಾಲಿನ ಜಾಗಕ್ಕೆ ಮೂರು ವಾಕ್ಯ ಬಂದವು. ಘಟನೆಯ ಭಾಗದಲ್ಲಿ ಕರ್ಮಣಿಗೆ ಜಾಗ ಇದೆ, ಕ್ರಮದ ಭಾಗದಲ್ಲಿ ಇಲ್ಲ. ನಡೆದುಹೋದದ್ದನ್ನು ಮಾಡಿದವರು ಗೊತ್ತಿಲ್ಲದಿರಬಹುದು, ಮುಂದೆ ಮಾಡುವವರು ಗೊತ್ತಿಲ್ಲ ಅಂದರೆ ಕೆಲಸ ಆಗುವುದೇ ಇಲ್ಲ. ಎಲೆಕ್ಟ್ರಿಕಲ್ ಸೂಪರ್‌ವೈಸರ್ ಎಲ್ಲ ಎಲಿವೇಟರ್‌ಗಳ ಪ್ಯಾನೆಲ್ ತೆರೆದು ನೋಡಿ ಸೆಲೆಕ್ಟರ್ ಇದ್ದ ಕಡೆ ಬಟನ್ ವಾಪಸ್ ಹಾಕುತ್ತಾರೆ, ಮೇನ್ ಆಫ್-ಆನ್ ಮಾಡಿ ಪರೀಕ್ಷಿಸಿ ಸಹಿ ಮಾಡುತ್ತಾರೆ. ಎಲೆಕ್ಟ್ರಿಷಿಯನ್ ಲೋಡ್ ಕೊಡುವ ಮೊದಲು ಸೈರನ್ ಬಾರಿಸುತ್ತಾರೆ. ಸ್ಟೋರ್ ಇನ್‌ಚಾರ್ಜ್ ಯಂತ್ರದ ಕರೆಂಟ್ ಪೂರ್ತಿ ಕಡಿಯುವ ಪ್ರತಿ ಐಸೊಲೇಟರ್‌ಗೆ ಬೀಗ, ಟ್ಯಾಗ್ ತರಿಸಿ ಕೊಡುತ್ತಾರೆ, ಬಾಗಿಲು ತೆರೆಯುವ ಆಪರೇಟರ್ ಬೀಗ ಹಾಕಿ ಕೀ ತನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ. ಮೂರಕ್ಕೂ ತಾರೀಕು ಹಾಕಿದೆವು.

ಮೊದಲೆರಡು ಹೇಳಿದ ದಿನಕ್ಕೆ ಮುಗಿದವು. ಪ್ಯಾನೆಲ್ ತೆರೆದಾಗ ಇನ್ನೊಂದು ಎಲಿವೇಟರ್‌ನಲ್ಲೂ ಅದೇ ಸೆಲೆಕ್ಟರ್ ಸಿಕ್ಕಿತು. ಬೀಗ ಮಾತ್ರ ಬರಲಿಲ್ಲ. ವಾಕ್ಯದಲ್ಲಿ ಕರ್ತೃ ಇದ್ದದ್ದರಿಂದ ಯಾರಿಗೆ ಫೋನ್ ಮಾಡಬೇಕೆಂದು ಹುಡುಕಬೇಕಾಗಲಿಲ್ಲ. ಸ್ಟೋರ್ ಇನ್‌ಚಾರ್ಜ್ ಹೇಳಿದರು, "ಇಂಡೆಂಟ್ ಹಾಕಿ ಆಯ್ತು ಸಾರ್, ಖರೀದಿಗೆ ಮ್ಯಾನೇಜರ್ ಸಾಹೇಬ್ರು ಸಹಿ ಮಾಡ್ಬೇಕಲ್ಲ. ನನ್ನ ಹೆಸ್ರು ಬರೆದ್ರೆ ನಾನೇನ್ ಮಾಡ್ಲಿ?"

ಅವರು ಹೇಳಿದ್ದು ಸರಿ. ವಾಕ್ಯ ಕರ್ತರಿಯಲ್ಲಿತ್ತು, ಆದರೆ ಕರ್ತೃ ತಪ್ಪು. ದುಡ್ಡು ಬಿಡುವ ಅಧಿಕಾರ ಇಲ್ಲದವರ ಹೆಸರು ಹಾಕಿದರೆ ಅದೂ "ವಹಿಸಲಾಗುವುದು" ಎಂಬಷ್ಟೇ ಟೊಳ್ಳು. ಮ್ಯಾನೇಜರ್ ಹತ್ತಿರ ಹೋಗಿ ಆ ಸಾಲನ್ನು ತಿದ್ದಿಸಿದೆವು: "ಐಸೊಲೇಟರ್ ಬೀಗಗಳ ಖರೀದಿಗೆ ಮ್ಯಾನೇಜರ್ ಈ ವಾರದೊಳಗೆ ಒಪ್ಪಿಗೆ ಕೊಡುತ್ತಾರೆ. ಬಂದ ದಿನವೇ ಸ್ಟೋರ್ ಇನ್‌ಚಾರ್ಜ್ ಅವನ್ನು ವಿಭಾಗಗಳಿಗೆ ಹಂಚುತ್ತಾರೆ." ಅವರು ಕನ್ನಡಕ ಮೇಲೆತ್ತಿ ಎರಡು ಸಲ ಓದಿದರು. "ನನ್ನನ್ನೂ ಹಾಕಿಬಿಟ್ರಾ" ಅಂದು ನಕ್ಕರು. ಆಮೇಲೆ ಇಂಡೆಂಟ್ ತರಿಸಿಕೊಂಡು ಅಲ್ಲೇ ಸಹಿ ಮಾಡಿದರು.